ಒರೆಸಿಹೋದ ಮದುಮಗ

ಗಂಡನ ಮುಖವನ್ನು ಸೋಪು ಹಾಕಿ ಒರೆಸಿ ತೆಗೆದ ಹೆಂಗಸು ಈ ಭೂಮಂಡಲದಲ್ಲಿ ಇನ್ನೊಬ್ಬಳು ಇರಲಾರಳು. ಅಜ್ಜಿ ಆ ಕೆಲಸ ಮಾಡಿದ್ದಳು. (ಬೇಕೆಂದು ಮಾಡಿದ್ದಲ್ಲ. ಬೇಕೆಂದೇ ಮಾಡಬೇಕು ಅನ್ನಿಸಿದ ದಿನಗಳು ಐವತ್ತೊಂದು ವರ್ಷದ ಸಂಸಾರದಲ್ಲಿ ಬೇಕಾದಷ್ಟಿದ್ದವು. ಆಗೆಲ್ಲ ಕೈ ಕಟ್ಟಿಕೊಂಡಿದ್ದಳು.)

ನಡೆದದ್ದಿಷ್ಟು. ಅಜ್ಜ ಹೋಗಿ ಹತ್ತು ತಿಂಗಳಾಗಿತ್ತು. ಮದುವೆಯ ಫೋಟೋ ಅಂತ ಇದ್ದದ್ದು ಒಂದೇ ಒಂದು, ಕಪ್ಪು ಬಿಳುಪಿನದು, ಎರಡು ಅಂಗೈ ಸೇರಿಸಿದಷ್ಟು ಅಗಲ. ಒಂದು ಬೆಳಿಗ್ಗೆ ನೋಡುತ್ತಾಳೆ, ಗಾಜಿನ ಒಳಗೆ ಅಜ್ಜನ ಮೂಗಿನ ಮೇಲೆ ಬಿಳಿ ಬೂಷ್ಟು. ಬದುಕಿದ್ದಾಗ ಅವರ ಮೂಗಿನ ಮೇಲೆ ನೊಣ ಕೂತರೂ ಓಡಿಸಿದವಳು ಇವಳು, ಬೂಷ್ಟು ಬಿಟ್ಟಾಳೇ? ಚೌಕಟ್ಟಿನ ಹಿಂದಿನ ಮೊಳೆ ಕಿತ್ತಳು. ಫೋಟೋ ಹೊರಗೆಳೆದಳು. ಒದ್ದೆ ಬಟ್ಟೆಗೆ ಚೂರು ಸೋಪು ತಾಗಿಸಿ ಉಜ್ಜಿದಳು. ಬೂಷ್ಟು ಹೋಯಿತು. ಮೂಗೂ ಹೋಯಿತು. ಗಾಬರಿಯಲ್ಲಿ ಸರಿಮಾಡಲು ಹೋಗಿ ಇನ್ನಷ್ಟು ಉಜ್ಜಿದಳು. ಕಣ್ಣು ಹೋಯಿತು, ಬಾಯಿ ಹೋಯಿತು. ಕೊನೆಗೆ ಉಳಿದದ್ದು ಮೇಲೆ ಒಂದಿಷ್ಟು ಕೂದಲು, ಕೆಳಗೆ ಕೋಟಿನ ಕತ್ತುಪಟ್ಟಿ, ಪಕ್ಕಕ್ಕೆ ಒಂದು ಕಿವಿ. ನಡುವೆ ಸುಣ್ಣ ಹೊಡೆದ ಹಾಗೆ ಬಿಳುಪು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಪಕ್ಕದಲ್ಲಿ ಹದಿನೆಂಟರ ಮದುಮಗಳು ಮಾತ್ರ ಒಂದು ಗೀರಿಲ್ಲದೆ, ಮುಖ ಗಂಟು ಹಾಕಿಕೊಂಡು ಕೂತಿದ್ದಳು.

ಬಟ್ಟೆಯ ಮೇಲೆ ಬೂದಿಬಣ್ಣದ ಕಲೆ ಬಂದಿತ್ತು. ಅದು ಅವರ ಮುಖ. ಅಜ್ಜಿ ಆ ಬಟ್ಟೆಯನ್ನು ಒಗೆಯಲಿಲ್ಲ. ಮಡಚಿ ಕಪಾಟಿನಲ್ಲಿಟ್ಟಳು. ಮನೆಯವರಿಗೆ ಹೇಳಿದ್ದು ಬೇರೆ.

"ಗೋಡೆ ಒಸರಿದೆ ಕಣಪ್ಪ, ನೋಡು ಏನಾಗಿದೆ."

ಮಗ ಹೈಸ್ಕೂಲಿನ ಮುಖ್ಯೋಪಾಧ್ಯಾಯ. ನಗುವುದನ್ನು ನಿವೃತ್ತಿಯ ನಂತರಕ್ಕೆ ಇಟ್ಟುಕೊಂಡ ಮನುಷ್ಯ. ಅವನು ತಕ್ಷಣ ಗಾರೆ ಕೆಲಸದವನನ್ನು ಕರೆಸಿದ. ಗಾರೆಯವನು ಗೋಡೆ ಬಡಿದು, ಕಿವಿಯಿಟ್ಟು, ಹೇಳಿದ: "ಈ ಗೋಡೆ ಒಸರ್ಬೇಕಾದ್ರೆ ಮೊದ್ಲು ಪ್ರಳಯ ಆಗ್ಬೇಕು ಸಾರ್." ಅಜ್ಜಿ ಅಡುಗೆಮನೆಗೆ ಹೋಗಿ ಪಾತ್ರೆ ಸದ್ದು ಮಾಡಿದಳು.

ಸ್ಟುಡಿಯೋದವನೂ ಕೈ ಎತ್ತಿದ. "ಮಸುಕಾಗಿದ್ರೆ ತೆಳ್ಳಗೆ ಉಳಿದಿದ್ದನ್ನ ಎತ್ತಬಹುದಿತ್ತು. ಇಲ್ಲಿ ಎತ್ತೋಕೆ ಏನೂ ಇಲ್ಲ. ಬರೀ ಕಾಗದ." ಮುಖ್ಯೋಪಾಧ್ಯಾಯ ಸುಮ್ಮನೆ ಬರುವವನಲ್ಲ. ಅಜ್ಜನ ಗುರುತಿನ ಚೀಟಿಯ ಫೋಟೋ ಕೊಟ್ಟು, ಕಿಟಕಿಯಷ್ಟು ದೊಡ್ಡದು ಮಾಡಿ ಅಂದು ಬಂದ. ಬರುವ ತಿಂಗಳ ಕೊನೆಯ ಭಾನುವಾರ ನೆಂಟರೆಲ್ಲ ಸೇರಿದಾಗ ನಡುಮನೆಯ ಗೋಡೆಗೆ ಅದರ ಪ್ರತಿಷ್ಠಾಪನೆ ಅಂತ ತೀರ್ಮಾನವಾಯಿತು.

ಆ ಗುರುತಿನ ಚೀಟಿ! ಅಜ್ಜ ಬಸ್ ಡ್ರೈವರ್ ಆಗಿದ್ದರು. ಅರವತ್ತರ ಹೊತ್ತಿಗೆ ಆಫೀಸಿನಲ್ಲಿ ಮೂರು ಗಂಟೆ ಸಾಲಿನಲ್ಲಿ ನಿಲ್ಲಿಸಿ ತೆಗೆದ ಫೋಟೋ ಅದು. ಬಸ್ಸನ್ನು ಕೆರೆಗೆ ಇಳಿಸಿ ಬಂದವರ ಮುಖ. ಆ ಮುಖ ಅಜ್ಜಿ ಮನೆಯಲ್ಲಿ ಒಂದು ದಿನವೂ ಕಂಡಿರಲಿಲ್ಲ. ಇನ್ನು ಮೇಲೆ ಊಟಕ್ಕೆ ಕೂತಾಗಲೆಲ್ಲ ಎದುರಿಗೆ ಅದೇ. ಸಾಯುವ ತನಕ. ತನ್ನ ಮನಸ್ಸಿನಲ್ಲಿ ಉಳಿದ ಮುಖವನ್ನೂ ಅದು ಬಂದು ಒರೆಸಿಬಿಟ್ಟರೆ?

ಮೊಮ್ಮಗಳು ರಜೆಗೆ ಬಂದದ್ದು ಆಗಲೇ. ಮುಖ್ಯೋಪಾಧ್ಯಾಯನ ಮಗಳು. ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವುದು ಅವಳ ಕೆಲಸ. ಕಾಗದವಿಲ್ಲ, ಕುಂಚವಿಲ್ಲ. ಸ್ಲೇಟಿನಂಥ ಒಂದು ಟ್ಯಾಬ್ಲೆಟ್, ಬಳಪದಂಥ ಒಂದು ಬಿಳಿ ಪೆನ್ನು. ಅಜ್ಜಿಯ ಲೆಕ್ಕದಲ್ಲಿ ಅವಳು ಇಷ್ಟು ಓದಿ ಕೊನೆಗೆ ಒಂದನೇ ಕ್ಲಾಸಿಗೇ ವಾಪಸು ಬಂದಿದ್ದಳು.

ಮೊಮ್ಮಗಳು ಫೋಟೋವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಳು. ಬಹಳ ಹೊತ್ತು ನೋಡಿದಳು.

"ಅಜ್ಜಿ, ಗೋಡೆ ಒಸರಿದ್ರೆ ಕಲೆ ಮೇಲಿಂದ ಕೆಳಗೆ ಇಳಿಯುತ್ತೆ. ಇದು ಸುತ್ತ ಸುತ್ತ ಇದೆ. ಯಾರೋ ಉಜ್ಜಿದ್ದಾರೆ."

"ಹೌದಾ?"

"ಒದ್ದೆ ಬಟ್ಟೆನಾ?"

ಅಜ್ಜಿ ಬಾಗಿಲ ಕಡೆ ನೋಡಿದಳು. ಯಾರೂ ಇರಲಿಲ್ಲ. "ಸೋಪೂ" ಅಂದಳು.

ಮೊಮ್ಮಗಳು ನಗಲಿಲ್ಲ. ಹಳೇ ಫೋಟೋದ ಮೇಲ್ಪದರ ಅಂಟಿನದು, ಬೂಷ್ಟು ಅದನ್ನೇ ತಿನ್ನುತ್ತದೆ, ಒದ್ದೆ ತಾಗಿದರೆ ಕರಗಿ ಚಿತ್ರವನ್ನೂ ಎತ್ತಿಕೊಂಡು ಹೋಗುತ್ತದೆ ಅಂತ ಹೇಳಿದಳು. "ಒಣ ಕುಂಚದಿಂದ ಮೆಲ್ಲಗೆ ಸವರಬೇಕಿತ್ತು. ಇಲ್ಲ ಮುಟ್ಟಲೇಬಾರದಿತ್ತು."

"ಈಗ ಹೇಳು, ಅವರು ಹೋದ್ಮೇಲೆ."

"ಹೋಗಿದ್ದನ್ನ ತರೋಕಾಗಲ್ಲ ಅಜ್ಜಿ. ಆದ್ರೆ ಬರೀಬಹುದು. ನೀನು ಹೇಳಿದ ಹಾಗೆ ಬರೀತೀನಿ. ತಾತನ ಆ ಮುಖ ನೋಡಿದವರು ಈಗ ನೀನೊಬ್ಬಳೇ ಅಲ್ವಾ?"

"ನಿನ್ನ ಅತ್ತೆಜ್ಜಿ ಇದ್ದಾಳಲ್ಲ, ನನ್ನ ನಾದಿನಿ."

"ಅವರಿಗೆ ಆಗ ಎಷ್ಟು ವರ್ಷ?"

"ಒಂಬತ್ತು. ಆದ್ರೆ ಬಾಯಿಗೆ ಆಗಲೇ ತೊಂಬತ್ತು."

ಈ ನಾದಿನಿಯ ವಿಷಯ ಇಲ್ಲೇ ಹೇಳಿಬಿಡಬೇಕು. ಅಜ್ಜ ಅಜ್ಜಿಗಿಂತ ಎರಡು ಬೆರಳು ಗಿಡ್ಡ. ಮದುವೆಯ ಫೋಟೋದಲ್ಲಿ ಮಾತ್ರ ನಿಂತ ಅಜ್ಜ ಕಂಬದ ಹಾಗೆ ಎತ್ತರ, ಪಕ್ಕದ ಕುರ್ಚಿಯ ಅಜ್ಜಿ ಅವರ ಸೊಂಟಕ್ಕೂ ಬಂದಿರಲಿಲ್ಲ. ಇಷ್ಟು ಸಾಕಾಯಿತು ನಾದಿನಿಗೆ. "ಫೋಟೋನೇ ಸಾಕ್ಷಿ. ಮದುವೆ ಹೊತ್ತಿಗೆ ನಮ್ಮಣ್ಣ ಹೇಗಿದ್ದ! ಆಮೇಲೆ ಅತ್ತಿಗೆ ಮುಂದೆ ಬಗ್ಗಿ ಬಗ್ಗಿ ಕುಗ್ಗಿಹೋದ" ಅಂತ ಐವತ್ತೊಂದು ವರ್ಷ, ಪ್ರತಿ ಸಮಾರಂಭದಲ್ಲೂ, ಬಂಧುಬಳಗದ ಸಮಕ್ಷಮ ಹೇಳಿದಳು. ಅಜ್ಜಿಗೆ ಉತ್ತರ ಗೊತ್ತಿತ್ತು. ಹೇಳುವ ಹಾಗಿರಲಿಲ್ಲ. ಯಾರಿಗೂ ಹೇಳಬೇಡ ಅಂತ ಅಜ್ಜ ಮಾತು ತೆಗೆದುಕೊಂಡಿದ್ದರು.

ಕೆಲಸ ಶುರುವಾಯಿತು. ಮೊದಲು ಜೆರಾಕ್ಸ್ ಅಂಗಡಿ. ಹಾಳೆ ಎಳೆದುಕೊಳ್ಳುವ ಯಂತ್ರ ಬೇಡ, ಮುಚ್ಚಳ ತೆಗೆದು ಗಾಜಿನ ಮೇಲೆ ಬೋರಲು ಮಲಗಿಸುವ ಯಂತ್ರವೇ ಆಗಬೇಕು ಅಂತ ಮೊಮ್ಮಗಳು ಹಟ ಹಿಡಿದಳು. ಯಂತ್ರದ ಬೆಳಕು ಒಂದು ತುದಿಯಿಂದ ಇನ್ನೊಂದಕ್ಕೆ ತೆವಳಿತು. ಅಜ್ಜಿ ಮುಚ್ಚಳದ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದಳು.

ಮನೆಗೆ ಬಂದು ಮೊಮ್ಮಗಳು ಅದನ್ನು ಸ್ಲೇಟಿನಲ್ಲಿ ಹಾಕಿ ತೆಳ್ಳಗೆ ಮಾಡಿದಳು. ಹೊಗೆಯಲ್ಲಿ ಕಂಡ ಹಾಗೆ. ಅದರ ಮೇಲೆ ಗಾಜಿನ ಹಾಳೆ ಹಾಸಿದಂತೆ ಇನ್ನೊಂದು ಪದರ. ಅದರ ಮೇಲೆ ಗೆರೆ. ಕುರ್ಚಿಗೆ ಒಂದು ಪದರ, ಅಜ್ಜಿಗೆ ಒಂದು, ಅಜ್ಜನಿಗೆ ಒಂದು.

"ಮುಖವೇ ಇಲ್ಲ, ಎಲ್ಲಿಂದ ಶುರು ಮಾಡ್ತೀಯೆ?"

"ಕಿವಿ ಇದೆಯಲ್ಲ. ಕಿವಿಯ ಮೇಲಂಚಿಗೆ ಸಮ ಹುಬ್ಬು. ಕೆಳಗಂಚಿಗೆ ಸಮ ಮೂಗಿನ ಬುಡ. ನೆತ್ತಿಗೂ ಗಲ್ಲಕ್ಕೂ ಸರಿ ಮಧ್ಯ ಕಣ್ಣು." ಅವಳು ಅಡ್ಡಕ್ಕೆ ಮೂರು ಗೆರೆ ಎಳೆದಳು. ಒಂದು ಕಿವಿಯಿಂದ ಅರ್ಧ ಮನುಷ್ಯ ಹುಟ್ಟಿದ. ಅಜ್ಜಿಗೆ ಆಶ್ಚರ್ಯ. ಐವತ್ತೊಂದು ವರ್ಷ ಅವರು ಆ ಕಿವಿಯನ್ನು ಬಳಸಿದ್ದನ್ನೇ ಅವಳು ಕಂಡಿರಲಿಲ್ಲ.

ಗುರುತಿನ ಚೀಟಿಯ ಮುಖವನ್ನೂ ಪಕ್ಕದಲ್ಲಿ ಇಟ್ಟುಕೊಂಡಳು. ಕಣ್ಣಿನಿಂದ ಕಣ್ಣಿಗೆ ಇರುವ ದೂರ ವಯಸ್ಸಾದರೂ ಬದಲಾಗುವುದಿಲ್ಲವಂತೆ, ಅದನ್ನು ಅಲ್ಲಿಂದ ಎತ್ತಿದಳು. ಮೂಗು ಕಿವಿ ಮಾತ್ರ ಮುದಿತನದಲ್ಲಿ ಜೋಲುತ್ತವೆ, ಅವನ್ನು ಕುಗ್ಗಿಸಬೇಕು. ಕೆನ್ನೆ ತುಂಬಬೇಕು. ತುಂಬಿದಳು. ತಿರುಗಿಸಿ ತೋರಿಸಿದಳು.

"ಯಾರೇ ಇವನು?"

"ತಾತ."

"ಇಷ್ಟು ಚಂದ ಇದ್ದಿದ್ರೆ ಇವರು ನನ್ನನ್ನ ಯಾಕೆ ಮದುವೆ ಆಗ್ತಿದ್ರು? ಹುಬ್ಬು ದಪ್ಪ ಮಾಡು. ಇನ್ನೂ. ಎರಡೂ ಹುಬ್ಬು ಮಧ್ಯದಲ್ಲಿ ಕೈ ಕುಲುಕ್ತಿತ್ತು. ಮುಂದಿನ ಹಲ್ಲು ಒಂದು ಚೂರು ಪಕ್ಕದ ಹಲ್ಲಿನ ಮೇಲೆ ಏರಿತ್ತು."

"ಬಾಯಿ ಮುಚ್ಚಿದಾಗ ಹಲ್ಲು ಕಾಣಲ್ಲ ಅಜ್ಜಿ."

"ಕಾಣದಿದ್ರೂ ಇತ್ತು. ತುಟಿ ಅಲ್ಲಿ ಸ್ವಲ್ಪ ಎತ್ತಿತ್ತು."

ಮೊಮ್ಮಗಳು ತಲೆ ಎತ್ತಿ ಅವಳನ್ನೇ ನೋಡಿದಳು. ತುಟಿ ಎತ್ತಿದಳು. ಮುಖ ಒಂದು ಹೆಜ್ಜೆ ಹತ್ತಿರ ಬಂತು.

ಹೀಗೆ ಐದು ದಿನ. ಹಗಲಿಡೀ ಊಟದ ಮೇಜಿನ ಮೇಲೆ ಅಜ್ಜನ ವಿಚಾರಣೆ. ಗಲ್ಲ ಅಗಲ, ಅಲ್ಲ ಅಷ್ಟಲ್ಲ. ಕಣ್ಣು ಸಣ್ಣ, ಕುರುಡಲ್ಲ, ಸಣ್ಣ. ಆಗಾಗ ಮೊಮ್ಮಗಳು ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸುತ್ತಿದ್ದಳು. ತಿರುಗಿಸಿದ ಕೂಡಲೇ ಒಂದು ಕಣ್ಣು ಮೇಲೆ ಕೂತಿರುವುದು ಬಯಲಾಗುತ್ತಿತ್ತು. ಮನುಷ್ಯರನ್ನೂ ಮದುವೆಗೆ ಮುಂಚೆ ಹೀಗೆ ತಿರುಗಿಸಿ ನೋಡುವ ಹಾಗಿದ್ದರೆ, ಅಂದಳು ಅಜ್ಜಿ.

ಒಂದು ಮಧ್ಯಾಹ್ನ ಮೊಮ್ಮಗಳು ಸ್ನಾನಕ್ಕೆ ಹೋಗಿದ್ದಳು. ಅಜ್ಜಿ ಸ್ಲೇಟಿನ ಪಕ್ಕದ ಪಟ್ಟಿಯಲ್ಲಿ ಒಂದು ಪುಟ್ಟ ಗುರುತು ಮುಟ್ಟಿದಳು. ಅಜ್ಜ ಮಾಯ.

ಕುರ್ಚಿ ಇದೆ. ತಾನಿದ್ದಾಳೆ. ಪಕ್ಕ ಖಾಲಿ.

ಅಜ್ಜಿ ಕೂಗಿದ ಕೂಗಿಗೆ ಮೊಮ್ಮಗಳು ತಲೆಯ ತುಂಬ ನೊರೆಯೊಂದಿಗೆ ಓಡಿ ಬಂದಳು.

"ಎರಡನೇ ಸಲ ಕಳೆದುಬಿಟ್ಟೆ ಕಣೇ! ಈ ಸಲ ಸೋಪೂ ಮುಟ್ಟಿಲ್ಲ!"

"ಅಯ್ಯೋ ಅಜ್ಜಿ, ಎಲ್ಲೂ ಹೋಗಿಲ್ಲ. ಆ ಪದರ ಮರೆ ಆಗಿದೆ ಅಷ್ಟೆ. ಮತ್ತೆ ಮುಟ್ಟು."

ಮುಟ್ಟಿದಳು. ಬಂದರು. ಮತ್ತೆ ಮುಟ್ಟಿದಳು. ಹೋದರು. ಮುಟ್ಟಿದಳು, ಬಂದರು. ಮೊಮ್ಮಗಳು ನೊರೆ ತೊಳೆದು, ತಲೆ ಒರೆಸಿ, ಬಟ್ಟೆ ಹಾಕಿಕೊಂಡು ಬರುವ ತನಕ ಅಜ್ಜಿ ಅದನ್ನೇ ಮಾಡುತ್ತಿದ್ದಳು. ಹೋದವರು ಹೀಗೆ ಹೇಳಿದ ಮಾತು ಕೇಳುವುದು ಹೊಸದಾಗಿತ್ತು.

ಎಲ್ಲ ಬಂತು, ನಗು ಬರಲಿಲ್ಲ.

ಆ ಫೋಟೋದಲ್ಲಿ ಅಜ್ಜ ನಗುತ್ತಿರಲಿಲ್ಲ. ನಗು ತಡೆಯುತ್ತಿದ್ದರು. ಅಜ್ಜಿಗೆ ಬೇಕಾಗಿದ್ದದ್ದು ಅದೇ. ಮೊಮ್ಮಗಳು ತುಟಿಯ ತುದಿ ಎತ್ತಿದರೆ ಅವರು ಹಲ್ಲುಪುಡಿ ಮಾರುವವರಂತೆ ಕಂಡರು. ಇಳಿಸಿದರೆ ಹೊಟ್ಟೆನೋವಿನವರಂತೆ. ಹನ್ನೊಂದು ಬಾಯಿ ಬರೆದು ಅಳಿಸಿದಳು. ಭಾನುವಾರಕ್ಕೆ ಹತ್ತು ದಿನ ಉಳಿದಿತ್ತು. ಸ್ಟುಡಿಯೋದಿಂದ ಕಿಟಕಿಯಷ್ಟು ದೊಡ್ಡ ಗುರುತಿನ ಚೀಟಿ ಬಂದು, ಗೋಡೆಗೆ ಮುಖ ಮಾಡಿ ನಿಂತಿತ್ತು.

"ಅಜ್ಜಿ, ಬಾಯಿಂದ ಆಗ್ತಿಲ್ಲ. ಅವರು ಯಾಕೆ ನಗು ತಡೀತಿದ್ರು? ಅದು ಗೊತ್ತಾಗದೆ ಬರೆಯೋಕಾಗಲ್ಲ. ಭುಜ ನೋಡು, ಒಂದು ಮೇಲೆ ಒಂದು ಕೆಳಗೆ. ಕೈ ನೋಡು, ನಿನ್ನ ಕುರ್ಚಿ ಬೆನ್ನನ್ನ ಬೆರಳು ಬೆಳ್ಳಗಾಗೋ ಹಾಗೆ ಹಿಡಿದಿದ್ದಾರೆ. ಇದು ಆರಾಮಾಗಿ ನಿಂತವರ ಮೈ ಅಲ್ಲ."

ಅಜ್ಜಿ ಎದ್ದು ಕಿಟಕಿಯ ಹತ್ತಿರ ಹೋದಳು. ಕೊಟ್ಟ ಮಾತು. ಇತ್ತ ನೋಡಿದರೆ ಗೋಡೆಗೆ ಮುಖ ಮಾಡಿ ನಿಂತವರು.

"ಬೈದ್ರೆ ಬೈಲಿ" ಅಂದಳು. "ಬೈಯೋಕಾದ್ರೂ ಬರ್ಲಿ. ಕೇಳು. ಅವರು ನಿಂತಿದ್ದು ಪೆಟ್ಟಿಗೆ ಮೇಲೆ."

"ಏನು?"

"ಮರದ ಪೆಟ್ಟಿಗೆ. ಮದುಮಗ ಗಿಡ್ಡ ಕಾಣ್ತಾನೆ ಅಂತ ಫೋಟೋದವನು ತಂದಿಟ್ಟ. ಮೊಳಕಾಲಿಂದ ಮೇಲೆ ಮಾತ್ರ ತೆಗೀತೀನಿ, ಯಾರಿಗೂ ಕಾಣಲ್ಲ ಅಂದ. ನನ್ನನ್ನ ಎತ್ತರ ಅಂತ ಕುರ್ಚಿಗೆ ತಳ್ಳಿದ. ಆ ಪೆಟ್ಟಿಗೆಗೆ ಒಂದು ಕಡೆ ಹಲಗೆ ಸೀಳಿತ್ತು. ಅಲ್ಲಾಡ್ತಿತ್ತು. ಫೋಟೋದವನು, ಉಸಿರು ಬಿಗಿ ಹಿಡೀರಿ, ಅಲ್ಲಾಡಬೇಡಿ ಅಂತಾನೆ. ಇವರು ಕುರ್ಚಿ ಹಿಡ್ಕೊಂಡು ಗಡಗಡ. ಆವಾಗ ನಾನು ಒಂದು ಮಾತಂದೆ. ಅವರ ಜೊತೆ ಮೊದಲನೇ ಮಾತು ಅದೇ."

"ಏನಂದೆ?"

"ಬಿದ್ರೆ ನಾನು ಹಿಡಿಯಲ್ಲ ಅಂದೆ."

ಮೊಮ್ಮಗಳು ಪೆನ್ನು ಕೆಳಗಿಟ್ಟಳು.

"ಅಪ್ಪ ಎಲ್ಲಿ?" ಅಂದಳು.

ಮುಖ್ಯೋಪಾಧ್ಯಾಯ ಒಳಗೆ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದ. ಅವನನ್ನು ಎಬ್ಬಿಸಿ, ಹಣ್ಣಿನಂಗಡಿಯ ಮುರುಕು ಮರದ ಪೆಟ್ಟಿಗೆಯ ಮೇಲೆ ಹತ್ತಿಸಿದ್ದು ಒಂದು ದೊಡ್ಡ ಕಥೆ. "ನನಗೂ ಒಂದು ಸ್ಥಾನಮಾನ ಇದೆ" ಅಂದ. "ಅದಕ್ಕೇ ಮೇಲೆ ಹತ್ತು ಅಂದಿದ್ದು" ಅಂದಳು ಅಜ್ಜಿ. ಸೊಸೆ ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದವಳು ಚಪ್ಪಲಿ ಬಿಡದೆ ಅಲ್ಲೇ ನಿಂತಳು. ಅವಳ ಕೈಗೆ ದೀಪ ಸಿಕ್ಕಿತು. ಫೋಟೋದಲ್ಲಿ ಕತ್ತುಪಟ್ಟಿಯ ನೆರಳು ಬಲಕ್ಕೆ ಬಿದ್ದಿದೆ, ಆದ್ದರಿಂದ ಬೆಳಕು ಎಡದಿಂದ, ತಲೆಗಿಂತ ಒಂದು ಗೇಣು ಮೇಲಿಂದ ಬರಬೇಕು ಅಂತ ಮೊಮ್ಮಗಳ ಅಪ್ಪಣೆ.

"ಅಪ್ಪ, ನಗಬೇಡಿ."

"ನಾನು ಯಾವತ್ತು ನಕ್ಕಿದ್ದೀನಿ?"

ನಿಜ. ಕಲ್ಲಿನ ಹಾಗೆ ನಿಂತ. ಪೆಟ್ಟಿಗೆ ಅಲ್ಲಾಡಿತು, ಮುಖ ಅಲ್ಲಾಡಲಿಲ್ಲ. ಮೊಮ್ಮಗಳು ಫೋನು ಹಿಡಿದು ಹದಿನೈದು ಫೋಟೋ ತೆಗೆದಳು. ಹದಿನೈದರಲ್ಲೂ ಮುಖ್ಯೋಪಾಧ್ಯಾಯ.

ಅಜ್ಜಿ ಕುರ್ಚಿ ಎಳೆದುಕೊಂಡು ಅವನ ಪಕ್ಕ ಕೂತಳು. ಮದುವೆಯಲ್ಲಿ ಕೂತ ಹಾಗೆ, ಮುಂದೆ ನೋಡಿಕೊಂಡು. ತುಟಿ ಅಲ್ಲಾಡಿಸದೆ ಹೇಳಿದಳು:

"ಬಿದ್ರೆ ನಾನು ಹಿಡಿಯಲ್ಲ."

ಮಗನ ಎಡಗೆನ್ನೆ ಒಳಕ್ಕೆ ಹೋಯಿತು. ಕೆಳರೆಪ್ಪೆ ಮೇಲೆದ್ದಿತು. ಮೂಗಿನ ಹೊಳ್ಳೆ ಅರಳಿತು. ತುಟಿ ಹಾಗೇ ಇತ್ತು. ಒಂದೇ ಒಂದು ಕ್ಷಣ ಪೆಟ್ಟಿಗೆಯ ಮೇಲೆ ಅವನಿರಲಿಲ್ಲ, ಅವನ ಅಪ್ಪ ಇದ್ದರು. ಮೊಮ್ಮಗಳ ಫೋನು ಕ್ಲಿಕ್ ಅಂದಿತು.

ಆಮೇಲೆ ಹಲಗೆ ಪೂರ್ತಿ ಮುರಿಯಿತು. ಮುಖ್ಯೋಪಾಧ್ಯಾಯ ಬಿದ್ದ. ಅಜ್ಜಿ ಹಿಡಿಯಲಿಲ್ಲ, ಹೇಳಿದ ಮಾತಿಗೆ ತಪ್ಪುವವಳಲ್ಲ.

"ನಗು ಬಾಯಲ್ಲಿರಲಿಲ್ಲ ಅಜ್ಜಿ" ಅಂದಳು ಮೊಮ್ಮಗಳು, ಸ್ಲೇಟಿನ ಮೇಲೆ ಬಗ್ಗಿ. "ಕೆಳರೆಪ್ಪೆಯಲ್ಲಿತ್ತು." ಬಾಯನ್ನು ಮುಟ್ಟಲೇ ಇಲ್ಲ. ರೆಪ್ಪೆ ಒಂದು ಕೂದಲೆಳೆ ಎತ್ತಿದಳು, ಕೆನ್ನೆಯಲ್ಲಿ ಒಂದು ಚೂರು ನೆರಳು ಹಾಕಿದಳು.

ಅಜ್ಜಿ ನೋಡಿದಳು. ಎದ್ದು ಹೋಗಿ ಮುಖ ತೊಳೆದುಕೊಂಡು ಬಂದಳು. ಮತ್ತೆ ನೋಡಿದಳು. ಅವರೇ ಇದ್ದರು.

"ಕೆಳಗೂ ಬರಿ" ಅಂದಳು. "ಕಾಲು, ಪೆಟ್ಟಿಗೆ, ಎಲ್ಲ. ಅರ್ಧ ಹೇಳಿದ ಮೇಲೆ ಇನ್ನೇನು ಮುಚ್ಚೋದು?"

ಬಣ್ಣದ ಸರದಿ ಬಂತು. ಕಪ್ಪು ಬಿಳುಪು ಫೋಟೋ ಎಷ್ಟು ಗಾಢ ಅಂತ ಹೇಳುತ್ತದೆಯೇ ಹೊರತು ಯಾವ ಬಣ್ಣ ಅಂತ ಹೇಳುವುದಿಲ್ಲ. ಕೆಂಪೂ ಹಸಿರೂ ಅದಕ್ಕೆ ಒಂದೇ ಬೂದಿ. ಮೊಮ್ಮಗಳು ಕೋಟಿಗೆ ಕಡುನೀಲಿ ಹಾಕಿದ್ದಳು. "ಬದನೆಕಾಯಿ ಬಣ್ಣ" ಅಂದಳು ಅಜ್ಜಿ. "ಎರವಲು ಕೋಟು. ಕೊಟ್ಟವನಿಗೂ ಅದನ್ನ ಹಾಕ್ಕೊಳ್ಳೋ ಧೈರ್ಯ ಇರಲಿಲ್ಲ." ತನ್ನ ಬಟ್ಟೆ ಈಗತಾನೇ ತಿಕ್ಕಿದ ತಾಮ್ರದ ಬಣ್ಣ. ಗಾಢ ಹಾಗೇ ಇಟ್ಟು ಬಣ್ಣ ಮಾತ್ರ ಬದಲಿಸಿದಾಗ ಇಬ್ಬರೂ ಹಾಳೆಯಿಂದ ಎದ್ದು ಬಂದರು.

ಇಲ್ಲಿಗೆ ನಿಲ್ಲಿಸಿದ್ದರೆ ಅಜ್ಜಿಯ ಮರ್ಯಾದೆ ಉಳಿಯುತ್ತಿತ್ತು.

ಅವರು ಹೀಗೆ ಸಕಲ ದೋಷಗಳೊಂದಿಗೆ ಜೀವಂತವಾದ ಮೇಲೆ ಅಜ್ಜಿಯ ಕಣ್ಣು ಪಕ್ಕಕ್ಕೆ ಹೋಯಿತು. ಪಕ್ಕದಲ್ಲಿ ಅವಳೇ. ಫೋಟೋದಲ್ಲಿದ್ದ ಹಾಗೇ. ಆಲೂಗಡ್ಡೆ ಮೂಗು, ಸಿಡಿಮಿಡಿ ಹುಬ್ಬು, ಅಗಲ ದವಡೆ.

"ಈ ಮೂಗು ಒಂದು ಚೂರು..."

"ನಿನ್ನ ಮುಖ ಫೋಟೋದಲ್ಲಿ ಚೆನ್ನಾಗೇ ಇದೆಯಲ್ಲ ಅಜ್ಜಿ. ಹಾಗೇ ಬರೆದಿದ್ದೀನಿ."

"ಹಾಗೇ ಯಾಕೆ ಬರೀಬೇಕು?"

ಮೊಮ್ಮಗಳಿಗೆ ಆಫೀಸಿನಿಂದ ಫೋನು ಬಂತು. ಹೋಗುವ ಮೊದಲು ಒಂದು ತಪ್ಪು ಮಾಡಿದಳು. ಗೆರೆಯನ್ನು ಬೆರಳಿನಿಂದ ಹಿಟ್ಟಿನಂತೆ ಒತ್ತಿ ಸರಿಸುವ ಸಾಧನ ತೋರಿಸಿ, "ಬೇಕಾದ್ರೆ ನೀನೇ ಚೂರು ಸರಿಸು" ಅಂದುಬಿಟ್ಟಳು.

ಐವತ್ತೊಂದು ವರ್ಷ ಹಿಟ್ಟು ನಾದಿದ ಕೈ. ಅಜ್ಜಿ ಮೂಗನ್ನು ಎರಡೂ ಕಡೆಯಿಂದ ಒಳಕ್ಕೆ ಒತ್ತಿದಳು. ಚಂದ ಕಂಡಿತು. ಮೂಗು ಸಣ್ಣಗಾದ ಮೇಲೆ ದವಡೆ ದೊಡ್ಡದು ಕಂಡಿತು, ಅದನ್ನೂ ಒತ್ತಿದಳು. ದವಡೆ ಹೋದ ಮೇಲೆ ಕಣ್ಣು ಸಣ್ಣ ಕಂಡವು, ಹಿಗ್ಗಿಸಿದಳು. ಹುಬ್ಬಿನ ಗಂಟು ಬಿಚ್ಚಿದಳು. ಕತ್ತು ಸ್ವಲ್ಪ ಎಳೆದಳು. (ಗಂಡನ ಮುಖಕ್ಕೆ ಒಂದು ಕೂದಲೆಳೆ ಸುಳ್ಳು ಒಪ್ಪದವಳು ಇವಳೇ.) ಮೊಮ್ಮಗಳು ಬಂದು ನೋಡಿದಳು. ಬಾಯಿ ತೆರೆದಳು. ಅಜ್ಜಿಯ ಮುಖ ನೋಡಿ ಮುಚ್ಚಿದಳು.

"ಹೀಗೇ ಪ್ರಿಂಟ್ ಮಾಡ್ಸಲಾ?"

"ಹೀಗೇ."

ಪ್ರಿಂಟಿನವನ ಹತ್ತಿರ ಮೊದಲು ಒಂದು ಸಣ್ಣ ತುಂಡು ತೆಗೆಸಿ ನೋಡಿದರು. ಸ್ಲೇಟು ಒಳಗಿಂದ ಬೆಳಗುತ್ತದೆ, ಕಾಗದ ಬೆಳಗುವುದಿಲ್ಲ. ಬದನೆಕಾಯಿ ಕೋಟು ಇದ್ದಿಲಾಗಿತ್ತು. ಬೆಳಕು ಏರಿಸಿ, ಮತ್ತೊಂದು ತುಂಡು ತೆಗೆಸಿ, ಸರಿ ಬಂದ ಮೇಲೆ ದಪ್ಪ ಕಾಗದದ ಮೇಲೆ ಪೂರ್ತಿ ಚಿತ್ರ. ಚೌಕಟ್ಟು. ಗಾಜಿಗೂ ಚಿತ್ರಕ್ಕೂ ನಡುವೆ ಗಾಳಿಯಾಡಲು ಸುತ್ತ ದಪ್ಪ ರಟ್ಟಿನ ಅಂಚು. "ಇನ್ನು ಬೂಷ್ಟು ಹಿಡಿಯಲ್ಲ" ಅಂದಳು ಮೊಮ್ಮಗಳು. "ಹಿಡಿದ್ರೂ ಮುಟ್ಟಬೇಡ."

ಭಾನುವಾರ ಬಂತು. ನಡುಮನೆ ತುಂಬ ಜನ. ನಾದಿನಿ ಎಲ್ಲರಿಗಿಂತ ಮೊದಲೇ ಬಂದು ಒಳ್ಳೇ ಕುರ್ಚಿ ಹಿಡಿದಿದ್ದಳು. ಗೋಡೆಯ ಕೆಳಗೆ ಎರಡು ಚೌಕಟ್ಟು, ಎರಡಕ್ಕೂ ಬಟ್ಟೆ ಹೊದಿಸಿತ್ತು. ಮೊಳೆ ಒಂದೇ.

"ಬರೆದ ಚಿತ್ರ ಅಂದ್ರೆ ಮಕ್ಕಳ ಪುಸ್ತಕದ ಗೊಂಬೆ ತಾನೇ?" ಅಂದಳು ನಾದಿನಿ. "ನಮ್ಮಣ್ಣ ಏನು ಗೊಂಬೆನಾ? ಫೋಟೋ ಅಂದ್ರೆ ಫೋಟೋ. ಮುಖ್ಯೋಪಾಧ್ಯಾಯರು ಮಾಡಿಸಿದ್ದೇ ಹಾಕಿ."

ಮಗ ಮೊದಲನೆಯ ಬಟ್ಟೆ ಎಳೆದ. ಕಿಟಕಿಯಷ್ಟು ದೊಡ್ಡ ಗುರುತಿನ ಚೀಟಿ. ಕೋಣೆಯಲ್ಲಿದ್ದ ಒಂದು ಮಗು ಅತ್ತಿತು. ದೊಡ್ಡವರು ಗೌರವದಿಂದ ಸುಮ್ಮನಿದ್ದರು.

ಅಜ್ಜಿ ಎರಡನೆಯ ಬಟ್ಟೆ ಎಳೆದಳು.

ನಾದಿನಿ ಎದ್ದು ಬಂದಳು. ಕನ್ನಡಕ ಮೇಲೆ ಮಾಡಿದಳು, ಕೆಳಗೆ ಮಾಡಿದಳು. ಬಾಯಿ ತೆರೆದರೂ ಮಾತು ಬರಲಿಲ್ಲ. ಐವತ್ತೊಂದು ವರ್ಷದಲ್ಲಿ ಅದು ಮೊದಲ ಸಲ.

"ಅಣ್ಣ" ಅಂದಳು ಕೊನೆಗೆ. "ಅಪ್ಪ ಬೈಯೋವಾಗ ಹೀಗೇ ಮಾಡ್ತಿದ್ದ. ಎಡಗೆನ್ನೆ ಒಳಗೆ ಕಚ್ಕೊಂಡು. ಅವನು ನಗು ತಡೆಯೋದು ನೋಡಿ ನಾನು ನಕ್ಕು, ಏಟು ನಂಗೇ ಬೀಳ್ತಿತ್ತು." ಕಣ್ಣೊರೆಸಿಕೊಂಡಳು. ಆಮೇಲೆ ಕಣ್ಣು ಕೆಳಗೆ ಇಳಿಯಿತು. "ಇದೇನು ಅತ್ತಿಗೆ, ಕಾಲ ಕೆಳಗೆ?"

"ಪೆಟ್ಟಿಗೆ."

"ಯಾಕೆ?"

"ನಿಮ್ಮಣ್ಣ ಗಿಡ್ಡ ಇದ್ರು. ಮದುವೆ ದಿನಾನೂ ಗಿಡ್ಡ, ಹೋಗೋ ದಿನಾನೂ ಗಿಡ್ಡ. ನಾನು ಒಂದು ನೂಲಿನಷ್ಟೂ ಕುಗ್ಗಿಸಿಲ್ಲ. ಬೇಕಾದ್ರೆ ಪೆಟ್ಟಿಗೆ ಕಳೆದು ಅಳತೆ ಹಿಡಿ."

ಹಿಂದಿನಿಂದ ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ನಡುಮನೆ ನಕ್ಕಿತು. ಮುಖ್ಯೋಪಾಧ್ಯಾಯ ಎಡಗೆನ್ನೆ ಒಳಗೆ ಕಚ್ಚಿಕೊಂಡು ಮೊಳೆಗೆ ಚಿತ್ರ ಹಾಕಿದ. ಗುರುತಿನ ಚೀಟಿ ಮಂಚದ ಕೆಳಗೆ ನಿವೃತ್ತವಾಯಿತು. ಅಜ್ಜಿ ಆ ಹೊತ್ತು ನಡೆದಾಡಿದ್ದನ್ನು ನೋಡಬೇಕಿತ್ತು. ಯುದ್ಧ ಗೆದ್ದು ಬಂದ ಮಹಾರಾಣಿ ಕೂಡ ಅಷ್ಟು ನಿಧಾನವಾಗಿ ನೀರು ತರಲು ಹೋಗುತ್ತಿರಲಿಲ್ಲ.

ನೀರು ತಂದಾಗ ನಾದಿನಿ ಇನ್ನೂ ಚಿತ್ರದ ಮುಂದೆಯೇ ಇದ್ದಳು.

"ಎಲ್ಲ ಸರಿ ಅತ್ತಿಗೆ. ಅಣ್ಣ ಅವನೇ. ಕೋಟೂ ಅದೇ. ಪೆಟ್ಟಿಗೆಯನ್ನೂ ಒಪ್ಕೊಂಡೆ. ಆದ್ರೆ ಪಕ್ಕದಲ್ಲಿ ಕೂತಿರೋ ಈ ಹುಡುಗಿ ಯಾರು?"

ಅಜ್ಜಿಯ ಕೈಯ ತಂಬಿಗೆ ಅಲ್ಲೇ ನಿಂತಿತು.

"ಹೌದಲ್ಲ" ಅಂದಳು ಇನ್ನೊಬ್ಬಳು. "ಮುದ್ದಾಗಿದ್ದಾಳೆ. ಯಾರ ಕಡೆಯವಳು?"

"ಅಮ್ಮ, ನೀನು ಎಲ್ಲಿ?" ಅಂದ ಮಗ, ಪೂರ್ತಿ ಪ್ರಾಮಾಣಿಕವಾಗಿ.

ಮೊಮ್ಮಗಳು ಚಾವಣಿ ನೋಡುತ್ತಿದ್ದಳು.

ಆ ಸಂಜೆ ನೆಂಟರು ಹೋದ ಮೇಲೆ ಮೊಮ್ಮಗಳು ಕೇಳಿದಳು. "ಹಳೇ ಮುಖ ಇನ್ನೊಂದು ಪದರದಲ್ಲಿ ಹಾಗೇ ಇಟ್ಟಿದ್ದೀನಿ ಅಜ್ಜಿ. ಹಾಕಿ ಇನ್ನೊಂದು ಪ್ರಿಂಟ್ ತೆಗೆಸಲಾ?" ಅಜ್ಜಿ ಚಿತ್ರ ನೋಡಿದಳು. ಅವರು ಸಂತೋಷವಾಗಿಯೇ ಇದ್ದರು. ಪೆಟ್ಟಿಗೆ ಅಲ್ಲಾಡಿಸುವುದು ಬೇಡ ಅನ್ನಿಸಿತು. "ಇರಲಿ ಬಿಡು" ಅಂದಳು.

ಅಂದ ತಪ್ಪಿಗೆ ಬಂದವರಿಗೆಲ್ಲ ಉತ್ತರ ಹೇಳುವ ಕೆಲಸ ಅವಳ ಪಾಲಿಗೇ ಬಿತ್ತು. ಹಾಲಿನವಳು ಕೇಳಿದಳು. ಪಕ್ಕದ ಮನೆಯವರು ಕೇಳಿದರು. ಗಾರೆಯವನು ಬೇರೆ ಕೆಲಸಕ್ಕೆ ಬಂದವನು ಅದನ್ನೇ ಕೇಳಿದ. ನಾನೇ ಅಂದರೆ ಎಲ್ಲರೂ ಒಮ್ಮೆ ಚಿತ್ರ, ಒಮ್ಮೆ ಅವಳ ಮೂಗು ನೋಡಿ, "ಓಹೋ" ಅನ್ನುತ್ತಿದ್ದರು. ಆ ಓಹೋ ಅಜ್ಜಿಗೆ ಸಹಿಸಲಾಗಲಿಲ್ಲ.

ಹಾಗಾಗಿ ಕರೆಂಟು ಮೀಟರು ನೋಡಲು ಬಂದವನು ಕೇಳಿದಾಗ ಅವಳು ಬೇರೆ ಉತ್ತರ ಇಟ್ಟುಕೊಂಡಿದ್ದಳು.

"ಯಜಮಾನರಾ ಅಜ್ಜಿ? ಪಕ್ಕದಲ್ಲಿ ಯಾರು?"

"ಅವರ ಮೊದಲನೇ ಹೆಂಡ್ತಿ."

"ಹೌದಾ! ಮತ್ತೆ ನೀವು?"

"ನಾನು ಆಮೇಲೆ ಬಂದವಳು. ಐವತ್ತೊಂದು ವರ್ಷ ಸಂಸಾರ ಮಾ‌ಡಿದವಳು."

ಅವನು ಮೀಟರಿನ ಅಂಕಿ ಬರೆದುಕೊಂಡ. ಮತ್ತೊಮ್ಮೆ ಚಿತ್ರದ ಮುಂದೆ ನಿಂತು, ಅಜ್ಜನ ಮುಖವನ್ನು ಮನಸ್ಸಿಟ್ಟು ನೋಡಿ, ತಲೆಯಾಡಿಸಿದ.

"ಅದಕ್ಕೇ ಮತ್ತೆ. ಈಕೆ ಪಕ್ಕ ಎಷ್ಟು ಖುಷಿಯಾಗಿದ್ದಾರೆ ನೋಡಿ."

ಅಷ್ಟು ಹೇಳಿ ಅವನು ಗೇಟು ದಾಟಿದ. ಗೋಡೆಯ ಮೇಲಿನವರು ನಗು ತಡೆಯುತ್ತಲೇ ಇದ್ದರು.